ಪದ ಬೇಕು: ಪವರ್ ಬ್ಯಾಂಕಿನ 'ಪ್ರೊಟೆಕ್ಷನ್ ಟ್ರಿಪ್' ಆಗುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಅನುವಾದಕಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಸೂಪರ್ ಮಾರ್ಕೆಟ್ ಹತ್ತಿರದ ಒಂದು ಮೊಬೈಲ್ ರಿಪೇರಿ ಅಂಗಡಿಗೆ ಬೋರ್ಡ್ ಬರೆದುಕೊಡಬೇಕು. ಸಂಜೆಯೊಳಗೆ ಫ್ಲೆಕ್ಸ್‌ನವರಿಗೆ ಕಳಿಸಬೇಕಾಗಿದೆ. ರಾತ್ರಿ ಫುಲ್ ಇದ್ದ ಪವರ್ ಬ್ಯಾಂಕ್ ಬೆಳಿಗ್ಗೆ ಖಾಲಿ, ಫೋನ್ ಹಚ್ಚಿದರೆ ಏನೂ ಕೊಡಲ್ಲ ಎಂದು ಜನ ತರುತ್ತಾರಂತೆ. ಅಂಗಡಿಯವರು ಹೇಳುವುದು, "ಪ್ಲೇಟ್ ಬಂದ್ ಆಗ್ಯಾದ್ರಿ, ಅಷ್ಟೇ." ಪ್ಲೇಟ್ ಅಂದರೆ ಸೆಲ್ಲಿಗೆ ಹಚ್ಚಿರುವ ಸಣ್ಣ ಪ್ರೊಟೆಕ್ಷನ್ ಬೋರ್ಡ್. ನಾನು ಬರೆದದ್ದು: "ರಕ್ಷಣಾ ಮಂಡಲ ಸ್ಥಗಿತಗೊಂಡಿದೆ, ಚಾರ್ಜರ್ ಹಾಕಿದರೆ ಸರಿಹೋಗುತ್ತದೆ." ಓದಿದರೆ ಸರ್ಕಾರಿ ಸುತ್ತೋಲೆ ಹಾಗಿದೆ. ಒಳ್ಳೆಯ ಮಾತು ಹೇಳಿ.

ಪದಪ್ರೇಮಿ, ಯಾದಗಿರಿ

ಕಾಪು. ಬೇರೆ ಹುಡುಕುವುದೇ ಬೇಡ. 'ಕಾ' ನಮ್ಮದೇ ಬೇರು. ಕಾಯು, ಕಾಪಾಡು, ಕಾವಲು ಎಲ್ಲ ಅಲ್ಲಿಂದಲೇ ಬಂದವು. ಬೋರ್ಡಿಗೆ 'ಕಾಪುಹಲಗೆ' ಎನ್ನಿ, ಟ್ರಿಪ್ ಆಗುವುದಕ್ಕೆ 'ಕಾಪುಕಡಿತ'. ರಕ್ಷಣೆ, ಮಂಡಲ, ಸ್ಥಗಿತ ಮೂರೂ ಸಂಸ್ಕೃತ, ಬಂದ್ ಪಾರಸಿ. ಒಂದು ಸಾಲಿನಲ್ಲಿ ಒಂದಾದರೂ ಕನ್ನಡ ಪದ ಬೇಡವೇ?

ಜೇವರ್ಗಿ ರಸ್ತೆ

ಕಾಪುಕಡಿತ ಅಂದರೆ ಕಾಪನ್ನೇ ಕಡಿದರು ಅಂತ ಅರ್ಥ ಬರುತ್ತೆ ಸರ್. ಉಲ್ಟಾ ಆಯ್ತು. ನನ್ನ ಕೇಳಿದರೆ 'ಸೋರಿಕೆ' ಸಾಕು. ರಾತ್ರಿಯೆಲ್ಲ ಆ ಪ್ರೊಟೆಕ್ಷನ್ ಬೋರ್ಡೇ ಕರೆಂಟ್ ತಿನ್ನುತ್ತಿರುತ್ತದೆ, ಅದಕ್ಕೇ ಬೆಳಿಗ್ಗೆ ಖಾಲಿ. ಅದೂ ಒಂದು ಚಿಪ್ ತಾನೇ, ಅದಕ್ಕೂ ಕರೆಂಟ್ ಬೇಕಲ್ವಾ?

ಪಾಲಿಟೆಕ್ನಿಕ್ ಮೇಷ್ಟ್ರು, ಬೀದರ್

ಬೇಕು, ಆದರೆ ಎಷ್ಟು ಅಂತ ನೋಡಿ. ಸಾಮಾನ್ಯವಾಗಿ ಇರುವ ಡಿಡಬ್ಲ್ಯು01 ಚಿಪ್ ತಿನ್ನುವುದು ಸುಮಾರು 3 ಮೈಕ್ರೋಆಂಪ್. ಒಂದು ತಿಂಗಳಿಗೆ 2 ಮಿಲಿಆಂಪ್ ಅವರ್ ಚಿಲ್ಲರೆ. 10,000ದ ಬ್ಯಾಂಕಿನಲ್ಲಿ ಅದು ಲೆಕ್ಕಕ್ಕೇ ಇಲ್ಲ. ಸೋರಿಕೆ ಒಳ್ಳೆಯ ಪದ, ಆದರೆ ಸೋರುವುದು ಆ ಬೋರ್ಡಲ್ಲ.

ಅಕ್ಕಾರೆ, ಪದಕ್ಕಿಂತ ಮೊದಲು ಒಂದು ಕೇಳುತ್ತೇನೆ. ಬೆಳಿಗ್ಗೆ ಮುಟ್ಟಿದಾಗ ಬ್ಯಾಂಕ್ ಬೆಚ್ಚಗಿತ್ತಾ? ನಿಜವಾಗಿ ತುಂಬಿದ್ದ 10,000 ಎಂಟು ತಾಸಿನಲ್ಲಿ ಖಾಲಿಯಾಗಬೇಕಾದರೆ ಒಂದೂಕಾಲು ಆಂಪ್ ಹರಿಯಬೇಕು. ಅಂದರೆ ನಾಲ್ಕೂವರೆ ವಾಟ್ ಶಾಖ. ಅಷ್ಟು ಪುಟ್ಟ ಡಬ್ಬಿ ರಾತ್ರಿಯೆಲ್ಲ ಸುಡುತ್ತಿರುತ್ತದೆ. ತಣ್ಣಗಿದ್ದರೆ ಅದು ತುಂಬಿರಲೇ ಇಲ್ಲ. ಸೆಲ್ ಹಳೆಯದಾಗಿ ಹಿಡಿಯುವುದೇ ಕಡಿಮೆಯಾಗಿದೆ. ಆ ನಾಲ್ಕು ದೀಪ ನೋಡುವುದು ಹೆಚ್ಚಾಗಿ ವೋಲ್ಟೇಜನ್ನು, ಚಾರ್ಜರ್ ತೆಗೆದ ಕೂಡಲೇ ವೋಲ್ಟೇಜ್ ಮೇಲಿರುತ್ತದೆ, ನಾಲ್ಕೂ ಉರಿಯುತ್ತವೆ, ನಾವು ನಂಬುತ್ತೇವೆ.

ಅನುವಾದಕಿ, ಕಲಬುರಗಿ

ಅಂಗಡಿಗೆ ಹೋಗಿ ಕೇಳಿಕೊಂಡು ಬಂದೆ ಸರ್. ಒಂದು ಬ್ಯಾಂಕ್ ಟೇಬಲ್ ಮೇಲೆ ಬಿಚ್ಚಿಟ್ಟಿದ್ದರು. 18650 ಸೆಲ್ ನಾಲ್ಕು, ಪ್ಯಾರಲಲ್ ಆಗಿ ನಿಕ್ಕಲ್ ಪಟ್ಟಿಯಿಂದ ಬೆಸೆದಿವೆ. ಬಂದಾಗ ಸೆಲ್ ತುದಿಗಳಲ್ಲಿ ಮೀಟರ್ ಇಟ್ಟರೆ 2.3 ವೋಲ್ಟ್, ಬೋರ್ಡಿನಿಂದ ಹೊರಗೆ ಹೋಗುವ ಪಿ ಪ್ಲಸ್, ಪಿ ಮೈನಸ್ ತುದಿಗಳ ಮೇಲೆ ಇಟ್ಟರೆ ಸೊನ್ನೆ. ಚಾರ್ಜರ್ ಹಾಕಿದ ಮೇಲೆ ಜೀವ ಬಂತು, 4.15 ತನಕ ಏರಿತು. ಮರುದಿನ ಬೆಳಿಗ್ಗೆ 3.6. ಒಂದು ತುದಿ ಸ್ವಲ್ಪ ಬೆಚ್ಚಗಿತ್ತಂತೆ, ಉಳಿದದ್ದು ತಣ್ಣಗೆ.

ಮೇಷ್ಟ್ರು, ಬೀದರ್

ಹಾಗಾದರೆ ಮೂರು ಸೆಲ್ ಸೇರಿ ಒಂದು ಕೆಟ್ಟ ಸೆಲ್ಲನ್ನು ಸಾಕುತ್ತಿವೆ. ಪಟ್ಟಿ ಬಿಡಿಸಿ ನಾಲ್ಕನ್ನೂ ಬೇರೆ ಬೇರೆ ಒಂದು ದಿನ ಇಡಲು ಹೇಳಿ. ಮೂರು ಇದ್ದ ವೋಲ್ಟೇಜಿನಲ್ಲೇ ನಿಂತು ಒಂದು ಜಾರಿದರೆ, ಅದೇ ಕಳ್ಳ. ಜೋಡಿಸಿದ್ದಾಗ ಇದು ಗೊತ್ತಾಗುವುದೇ ಇಲ್ಲ, ಯಾಕಂದರೆ ನಾಲ್ಕಕ್ಕೂ ವೋಲ್ಟೇಜ್ ಒಂದೇ. ಪ್ರೊಟೆಕ್ಷನ್ ಚಿಪ್‌ಗೂ ಕಾಣುವುದು ಅದೊಂದೇ. ಅದು ಕೂತಿರುವುದು ಸೆಲ್ಲಿಗೂ ಹೊರಗಿನ ಸರ್ಕಿಟ್ಟಿಗೂ ನಡುವೆ. ಸೆಲ್ ತನ್ನೊಳಗೇ ಸೋರುವುದನ್ನು ಅದು ತಡೆಯಲಾರದು.

ಇನ್ನು 'ಬಂದ್' ವಿಷಯ. ವೋಲ್ಟೇಜ್ ಸುಮಾರು 2.4ಕ್ಕೆ ಇಳಿದಾಗ ಚಿಪ್ ಮುಚ್ಚುವುದು ಹೊರಗೆ ಹೋಗುವ ದಾರಿಯನ್ನು ಮಾತ್ರ. ಒಳಗೆ ಬರುವ ದಾರಿ ತೆರೆದೇ ಇರುತ್ತದೆ. ಅದಕ್ಕೇ ಚಾರ್ಜರ್ ಹಾಕಿದರೆ ಏಳುತ್ತದೆ. ಆದ್ದರಿಂದ ನಿಮ್ಮ 'ಸ್ಥಗಿತ'ವೂ ಪೂರ್ತಿ ಸರಿಯಲ್ಲ, ಬರೀ 'ಬಂದ್' ಕೂಡ ಅಲ್ಲ. ಬೋರ್ಡ್ ಕೆಟ್ಟಿಲ್ಲ, ಮಾಡಬೇಕಾದ ಕೆಲಸ ಮಾಡಿದೆ.

ಹುಮನಾಬಾದ್ ಓದುಗ

ನನ್ನದೂ ಇದೇ ಕಥೆ. ಫೋನಿಗೆ ಚೆನ್ನಾಗಿ ಕೊಡುತ್ತೆ, ಕಿವಿಗೆ ಹಾಕುವ ಬಡ್ಸ್ ಡಬ್ಬಿ ಹಚ್ಚಿದರೆ ಅರ್ಧ ನಿಮಿಷಕ್ಕೆ ಆಫ್. ನನ್ನ ಪ್ಲೇಟೂ ಬಂದ್ ಆಗಿದೆಯಾ?

ಮೇಷ್ಟ್ರು, ಬೀದರ್

ಇಲ್ಲ ಅಣ್ಣ, ಅದು ಬೇರೆ. 5 ವೋಲ್ಟ್ ಮಾಡಿಕೊಡುವ ಚಿಪ್ಪೇ ಮಲಗುತ್ತಿದೆ. ಎಳೆಯುವ ಕರೆಂಟ್ 50 ಮಿಲಿಆಂಪ್‌ಗಿಂತ ಕಡಿಮೆಯಾದರೆ ಏನೂ ಹಚ್ಚಿಲ್ಲ ಅಂದುಕೊಳ್ಳುವ ಚಿಪ್‌ಗಳಿವೆ. ಕೆಲವು ಬ್ಯಾಂಕುಗಳಲ್ಲಿ ಬಟನ್ ಎರಡು ಸಲ ಒತ್ತಿದರೆ ಸಣ್ಣ ಕರೆಂಟಿಗೂ ಎದ್ದಿರುತ್ತದೆ. ಫೋನಿಗೆ ಕೊಡುತ್ತಿದೆ ಅಂದಮೇಲೆ ಸೆಲ್ಲಿನ ಬೋರ್ಡ್ ದಾರಿ ಬಿಟ್ಟಿದೆ.

ಪದಪ್ರೇಮಿ, ಯಾದಗಿರಿ

ಪದಚರ್ಚೆಯಲ್ಲಿ ರಿಪೇರಿ ನಡೆಯುತ್ತಿದೆ. ಸರ್ಕಿಟ್, ಚಿಪ್, ಸೆಲ್, ಪ್ಯಾರಲಲ್, ಒಂದಕ್ಕೂ ಕನ್ನಡ ಇಲ್ಲ. ಹೀಗೆ ಬರೆದರೆ ಲಿಪಿ ಮಾತ್ರ ನಮ್ಮದು.

ಜೇವರ್ಗಿ ರಸ್ತೆ

1948ರ ತನಕ ನಿಜಾಮರ ಆಡಳಿತದಲ್ಲಿದ್ದ ಊರು ನಮ್ಮದು ಸರ್. ಖಾಲಿ, ಬಂದ್, ಚಾಲೂ, ಖರಾಬ್ ಇಲ್ಲದೆ ಇಲ್ಲಿ ಯಾವ ಅಂಗಡಿಯೂ ನಡೆಯಲ್ಲ. ನೀವು ಅರ್ಜಿ ಬರೆಯುವಾಗ 'ಅರ್ಜಿ' ಅನ್ನಲ್ವಾ? ಅದೂ ಹೊರಗಿನದೇ. ಕಾಪುಹಲಗೆ ಅಂತ ಬೋರ್ಡ್ ಹಾಕಿದರೆ ಜನ ಬಡಗಿ ಅಂಗಡಿ ಅಂದುಕೊಳ್ಳುತ್ತಾರೆ.

ಪದಪ್ರೇಮಿ, ಯಾದಗಿರಿ

ಅರ್ಜಿ ಬೇರೂರಿ ತಲೆಮಾರುಗಳಾದವು. ಹೊಸದನ್ನು ಬಾಗಿಲಲ್ಲೇ ತಡೆಯಬಹುದು. ನಿಮಗೆ ಬೇಡವಾದರೆ ಬಿಡಿ.

ಅನುವಾದಕಿ, ಕಲಬುರಗಿ

ದಯವಿಟ್ಟು ಇಬ್ಬರೂ ಸ್ವಲ್ಪ ತಡೆಯಿರಿ, ಫ್ಲೆಕ್ಸ್‌ನವರು ಫೋನ್ ಮಾಡುತ್ತಿದ್ದಾರೆ. ಹೀಗೆ ಕಳಿಸಲಾ: "ಸೆಲ್ ಪೂರ್ತಿ ಇಳಿದಾಗ ಕಾವಲು ಬೋರ್ಡ್ ಹೊರಗೆ ಕರೆಂಟ್ ಬಿಡುವುದಿಲ್ಲ. ಚಾರ್ಜರ್ ಹಾಕಿದರೆ ಸರಿಹೋಗುತ್ತದೆ." ಯಾದಗಿರಿ ಸರ್ ಹೇಳಿದ 'ಕಾ' ಬೇರೂ ಇದೆ, ಕಾವಲು ಎಲ್ಲರಿಗೂ ಗೊತ್ತಿರುವ ಮಾತೂ ಹೌದು.

ಮೇಷ್ಟ್ರು, ಬೀದರ್

ಕಾವಲು ಬೋರ್ಡ್ ಚೆನ್ನಾಗಿದೆ. ಆದರೆ 'ಸರಿಹೋಗುತ್ತದೆ' ತೆಗೆಯಿರಿ, ಅದನ್ನು ಮಾತ್ರ ಒಪ್ಪಲಾರೆ. ಮರೆತು ತಿಂಗಳುಗಟ್ಟಲೆ ಬಿಟ್ಟು ಇಳಿದಿದ್ದರೆ ಒಮ್ಮೊಮ್ಮೆ ಚಾರ್ಜರ್ ಸಾಕು. ರಾತ್ರಿ ಬೆಳಗಾಗುವುದರಲ್ಲಿ ಇಳಿಯುವ ಬ್ಯಾಂಕಿಗೆ ಆ ಮಾತು ಹೇಳಿದರೆ ಅವರು ಅದನ್ನು ಮತ್ತೆ ಚಾರ್ಜ್‌ಗೆ ಹಾಕಿ ತಲೆದಿಂಬಿನ ಹತ್ತಿರ ಇಟ್ಟು ಮಲಗುತ್ತಾರೆ. ತೀರಾ ಕೆಳಗಿಳಿದ ಸೆಲ್ಲಿನಲ್ಲಿ ಒಳಗಿನ ತಾಮ್ರ ಕರಗಿ, ಮತ್ತೆ ಚಾರ್ಜ್ ಮಾಡುವಾಗ ಬೇರೆ ಕಡೆ ಕೂತು ಒಳಗೇ ಶಾರ್ಟ್ ಮಾಡಬಹುದು. ಇನ್ನೊಂದು, ಕೆಲವರು ಬೋರ್ಡಿನಲ್ಲಿ ಸೆಲ್ ಕಡೆಯ ಬಿ ಮೈನಸ್‌ಗೂ ಹೊರಗಡೆಯ ಪಿ ಮೈನಸ್‌ಗೂ ತಂತಿ ಮುಟ್ಟಿಸಿ ಏಳಿಸುತ್ತಾರೆ. ಒಂದು ಕ್ಷಣ ಮುಟ್ಟಿಸಿ ತೆಗೆದರೂ ಸೆಲ್ಲಿನ ರೋಗ ಹೋಗಲ್ಲ, ಬೆಸುಗೆ ಹಾಕಿ ಬಿಟ್ಟರಂತೂ ಕಾವಲೇ ಇಲ್ಲ. ನಿಮ್ಮ ಅಂಗಡಿಯವರು ಹಾಗೆ ಮಾಡುತ್ತಾರಾ ಕೇಳಿ.

ಅನುವಾದಕಿ, ಕಲಬುರಗಿ

ಕೇಳುತ್ತೇನೆ. ಈಗ ಕಳಿಸಿದ್ದು ಇದು:

"ಸೆಲ್ ಪೂರ್ತಿ ಇಳಿದಾಗ ಕಾವಲು ಬೋರ್ಡ್ ಹೊರಗೆ ಕರೆಂಟ್ ಬಿಡುವುದಿಲ್ಲ. ಒಂದೇ ರಾತ್ರಿಯಲ್ಲಿ ಖಾಲಿಯಾದರೆ, ಉಬ್ಬಿದರೆ, ಸುಮ್ನೆ ಇಟ್ಟಾಗ ಬೆಚ್ಚಗಾದರೆ ಮತ್ತೆ ಚಾರ್ಜ್ ಮಾಡಬೇಡಿ. ಸೆಲ್ ತೋರಿಸಿ."

ಪದಪ್ರೇಮಿ, ಯಾದಗಿರಿ

ಕಾವಲು ಸರಿ. ಖಾಲಿ ಬದಲು 'ಬರಿದಾದರೆ' ಎಂದಿದ್ದರೆ ಏನು ಕಷ್ಟವಾಗುತ್ತಿತ್ತು?

ಜೇವರ್ಗಿ ರಸ್ತೆ

ಅಚ್ಚಿಗೆ ಹೋಯ್ತು ಸರ್.