ಮಾರಾಟ ಏರಿದೆ, ಮಾರುಕಟ್ಟೆ ಪಾಲು ಇಳಿದಿದೆ, ಆರ್‌ಒಎಂಐ ಮಾತ್ರ 100% ಬರ್ತಿದೆ. ತಪ್ಪೆಲ್ಲಿ?

ನವೀನ್_ಎಸ್
ಮಾರ್ಕೆಟಿಂಗ್ ಕಂಟ್ರೋಲ್ ಅಧ್ಯಾಯದ ಕೊನೆಯ ಲೆಕ್ಕ ಇದು. ಕಂಪನಿಯ ಮಾರಾಟ ಹೋದ ವರ್ಷ 400 ಲಕ್ಷ, ಈ ವರ್ಷ 460. ಇಡೀ ಮಾರುಕಟ್ಟೆ 2000 ಲಕ್ಷದಿಂದ 2500ಕ್ಕೆ ಬೆಳೆದಿದೆ. ಪ್ರಚಾರದ ಖರ್ಚು 30 ಲಕ್ಷ. ಆರ್‌ಒಎಂಐಗೆ, ಅಂದ್ರೆ ಮಾರ್ಕೆಟಿಂಗ್ ಖರ್ಚಿನ ಮೇಲೆ ಬರೋ ಲಾಭದ ದರಕ್ಕೆ, ಹೆಚ್ಚಾದ 60ರಲ್ಲಿ 30 ಕಳೆದು, 30ರಿಂದ ಭಾಗಿಸಿದೆ, 100% ಬಂತು. ಆದ್ರೆ ಪಾಲು 20%ನಿಂದ 18.4%ಗೆ ಇಳಿದಿದೆಯಲ್ಲ? ಕಾಂಟ್ರಿಬ್ಯೂಷನ್ ಮಾರ್ಜಿನ್ 40% ಅಂತ ಕೊಟ್ಟಿದ್ದಾರೆ, ಅದನ್ನ ಎಲ್ಲಿ ಹಾಕ್ಬೇಕೋ ತಿಳೀತಿಲ್ಲ.

ಗಿರಿಧರ್
ಮಾರ್ಜಿನ್ ಹಾಕದೇ ಇದ್ದದ್ದೇ ತಪ್ಪು. 60 ಲಕ್ಷ ಅನ್ನೋದು ಮಾರಾಟ, ಕೈಗೆ ಉಳಿಯೋದು ಅದರ 40%, ಅಂದ್ರೆ 24 ಲಕ್ಷ. ಖರ್ಚು 30. ಹಾಗಾಗಿ ಆರ್‌ಒಎಂಐ -20%. ಇನ್ನೊಂದು ವಿಷಯ: ಮಾರುಕಟ್ಟೆ 25% ಬೆಳೆದಾಗ ನೀವು 500ರಲ್ಲಿ ಇರಬೇಕಿತ್ತು. ಇರೋದು 460. ಹಾಗೆ ನೋಡಿದ್ರೆ ಪ್ರಚಾರದಿಂದ 40 ಲಕ್ಷ ಕಳ್ಕೊಂಡಿದ್ದೀರಿ.

ರೇಖಾ_ಭಟ್
ಗಿರಿಧರ್ ಸರ್, ಮಾರ್ಜಿನ್ ಮಾತು ಸರಿ, 500ರ ಮಾತು ಒಪ್ಪೋಕಾಗಲ್ಲ. ಪ್ರಚಾರ ಮಾಡದೇ ಇದ್ದಿದ್ರೆ ಪಾಲು 20%ರಲ್ಲೇ ನಿಂತಿರ್ತಿತ್ತು ಅಂತ ಯಾರು ಹೇಳಿದ್ರು? ಇನ್ನೂ ಕೆಳಗೆ ಹೋಗಿರಬಹುದಿತ್ತು. ಹೋದ ವರ್ಷದ 400 ಕೂಡ ಹೋಲಿಕೆಗೆ ಬರಲ್ಲ, ಯಾಕಂದ್ರೆ ಮಾರುಕಟ್ಟೆಯೇ ಬೆಳೆದಿದೆ. ನಮಗೆ ಬೇಕಿರೋದು ‘ಪ್ರಚಾರ ಇಲ್ಲದಿದ್ರೆ ಈ ವರ್ಷ ಎಷ್ಟು ಮಾರ್ತಿದ್ವಿ’ ಅನ್ನೋ ಅಂಕಿ. ನವೀನ್, ಪ್ರಚಾರ ನಡೆಸದ ಪ್ರದೇಶಗಳ ಮಾರಾಟ ಪ್ರಶ್ನೆಯಲ್ಲಿ ಎಲ್ಲಾದ್ರೂ ಇದೆಯಾ ನೋಡಿ.

ನವೀನ್_ಎಸ್
ಇದೆ ಮೇಡಂ, ಕೋಷ್ಟಕದ ಕೆಳಗೆ ಸಣ್ಣಕ್ಷರದಲ್ಲಿ. ಪ್ರಚಾರ ಇಲ್ಲದ ಕಡೆ 100ರಿಂದ 104, ಇದ್ದ ಕಡೆ 300ರಿಂದ 356.

ರೇಖಾ_ಭಟ್
ಲೆಕ್ಕದ ಜೀವ ಇರೋದೇ ಅಲ್ಲಿ. ಪ್ರಚಾರ ಇಲ್ಲದ ಕಡೆ ಬೆಳವಣಿಗೆ 4%. ಉಳಿದ ಕಡೆಯೂ ತಾನಾಗಿ ಅಷ್ಟೇ ಬೆಳೀತಿತ್ತು ಅಂತ ಇಟ್ಕೊಂಡ್ರೆ 300 ಹೋಗಿ 312 ಆಗ್ತಿತ್ತು. ಆಗಿರೋದು 356. ಪ್ರಚಾರದಿಂದ ಬಂದ ಹೆಚ್ಚುವರಿ 44 ಲಕ್ಷ ಮಾತ್ರ. ಶೀಟ್‌ನಲ್ಲಿ ಹೀಗೆ ಹಾಕಿ:

```
=(44*0.4-30)/30
```

ಸುಮಾರು -41% ಬರುತ್ತೆ. 40% ಮಾರ್ಜಿನ್‌ನಲ್ಲಿ 30 ಲಕ್ಷ ವಾಪಸ್ ಬರಬೇಕಾದ್ರೆ ಹೆಚ್ಚುವರಿ ಮಾರಾಟ 75 ಲಕ್ಷ ಆಗಬೇಕಿತ್ತು. ಆದ್ರೆ ಎರಡು ಗುಂಪಿನ ಪ್ರದೇಶಗಳೂ ಮೊದಲಿಂದ ಒಂದೇ ವೇಗದಲ್ಲಿ ಬೆಳೀತಿದ್ದವಾ ಅಂತ ನೋಡಬೇಕು. ಮಂದವಾಗಿದ್ದ ಊರುಗಳನ್ನೇ ಆರಿಸಿ ಪ್ರಚಾರದಿಂದ ಹೊರಗಿಟ್ಟಿದ್ರೆ ಆ 44 ಕೂಡ ಉಬ್ಬಿದ ಅಂಕಿ.

ಸೇಲ್ಸ್_ಮಂಜು
ನಮ್ಮಲ್ಲೂ ಇದೇ ಕಥೆ. ಡಬ್ಬಿಗಳ ಲೆಕ್ಕದಲ್ಲಿ ಪಾಲು ಏರಿದೆ, ಹಣದ ಲೆಕ್ಕದಲ್ಲಿ ಇಳಿದಿದೆ. ರಿಯಾಯಿತಿ ಜಾಸ್ತಿ ಕೊಟ್ಟಿದ್ದಕ್ಕೇ ಹೀಗಾಗಿದ್ದು. ನವೀನ್, ನೀವೂ ಬೆಲೆ ನೋಡಿ.

ನವೀನ್_ಎಸ್
ಬೆಲೆ ಬದಲಾಗಿಲ್ಲ ಸರ್, ಎರಡೂ ವರ್ಷ ಮಾರುಕಟ್ಟೆ ಸರಾಸರಿಯ 125%. ಪಾಲನ್ನ ನಾಲ್ಕು ಭಾಗ ಮಾಡಿ ಕೊಟ್ಟಿದ್ದಾರೆ. ನಮ್ಮಲ್ಲಿ ಖರೀದಿಸುವ ಗ್ರಾಹಕರು 40%ನಿಂದ 46%ಗೆ ಏರಿದ್ದಾರೆ. ಅವರ ಒಟ್ಟು ಖರೀದಿಯಲ್ಲಿ ನಮ್ಮಿಂದ ಕೊಳ್ಳೋದು 50%ನಿಂದ 40%ಗೆ ಇಳಿದಿದೆ. ಖರೀದಿಯ ಸರಾಸರಿ ಗಾತ್ರ ಎರಡೂ ವರ್ಷ ಮಾರುಕಟ್ಟೆ ಸರಾಸರಿಯ 80%ರಲ್ಲೇ ಇದೆ.

ರೇಖಾ_ಭಟ್
ಗುಣಿಸಿ ನೋಡಿ, 0.46 × 0.40 × 0.80 × 1.25 = 18.4%, ಸರಿಯಾಗಿ ಕೂಡುತ್ತೆ. ಮಂಜು ಅವರ ರೋಗ ಇಲ್ಲಿಲ್ಲ. ಜನ ಹೊಸದಾಗಿ ಬಂದಿದ್ದಾರೆ, ನಿಷ್ಠೆ ಕುಸಿದಿದೆ.

ಗಿರಿಧರ್
ಅದರಲ್ಲಿ ಗಾಬರಿ ಯಾಕೆ? ಹೊಸಬರು ಮೊದಲು ರುಚಿ ನೋಡೋಕೆ ಸ್ವಲ್ಪವೇ ಕೊಳ್ತಾರೆ, ಸರಾಸರಿ ಇಳಿಯುತ್ತೆ. ಹಳಬರು ಎಲ್ಲಿದ್ದರೋ ಅಲ್ಲೇ ಇರ್ತಾರೆ.

ರೇಖಾ_ಭಟ್
ಅಷ್ಟೇ ಆಗಿದ್ರೆ ಅಂಕಿ ಹೀಗೆ ಬರ್ತಿರಲಿಲ್ಲ. ನೂರು ಜನರ ಮಾರುಕಟ್ಟೆ, ಎಲ್ಲರ ಖರೀದಿಯೂ ಸಮ ಅಂತ ಇಟ್ಕೊಳ್ಳಿ. ಮೊದಲು 40 × 50% = 20. ಈಗ 46 × 40% = 18.4. ಹೊಸ 6 ಜನ ಹೆಚ್ಚುಕಮ್ಮಿ ಏನೂ ಕೊಳ್ಳಲಿಲ್ಲ ಅಂದ್ರೂ, ಹಳೇ 40 ಜನ ಹಾಗೇ ಇದ್ದಿದ್ರೆ ಮೊತ್ತ 20ರ ಕೆಳಗೆ ಬರೋ ಹಾಗಿಲ್ಲ. ಬಂದಿದೆ. ಅಂದ್ರೆ ಹಳಬರ ನಿಷ್ಠೆ ಹೆಚ್ಚೆಂದ್ರೆ 46%. ಹೊಸಬರು ಕೊಂಡಷ್ಟೂ ಅದು ಇನ್ನೂ ಕೆಳಗೆ. ಪ್ರಚಾರ ಹೊಸಬರನ್ನ ತಂತು, ಅಷ್ಟರಲ್ಲಿ ಹಳಬರು ಬೇರೆ ಬ್ರ್ಯಾಂಡ್ ಕಡೆ ಜಾರಿದ್ರು.

ನವೀನ್_ಎಸ್
ಹಳೇ 40ರಲ್ಲಿ ಕೆಲವರು ಪೂರ್ತಿ ಬಿಟ್ಟು ಹೋಗಿ, ಹೊಸಬರು 6ಕ್ಕಿಂತ ಹೆಚ್ಚು ಬಂದಿದ್ರೆ?

ರೇಖಾ_ಭಟ್
ಆಗ ಈ 46% ಮಿತಿ ನಿಲ್ಲಲ್ಲ, ಉಳಿದ ಹಳಬರು 50%ರಲ್ಲೇ ಇರಲೂಬಹುದು. ಅದನ್ನ ಬೇರ್ಪಡಿಸೋಕೆ ಎರಡೂ ವರ್ಷ ಅದೇ ಮನೆಗಳ ಖರೀದಿ ದಾಖಲೆ ಬೇಕು, ಪ್ರಶ್ನೆಯಲ್ಲಿ ಕೊಟ್ಟಿಲ್ಲ. ಉತ್ತರದಲ್ಲಿ ಈ ಊಹೆಯನ್ನ ಒಂದು ಸಾಲಿನಲ್ಲಿ ಬರೆದುಬಿಡಿ.

ಗಿರಿಧರ್
ಸರಿ, ನಿಷ್ಠೆ ವಿಷಯ ಒಪ್ಪಿದೆ. ಆದ್ರೆ -41% ಈ ವರ್ಷದ ಲೆಕ್ಕ ಮಾತ್ರ. ಈಗ ಬಂದ ಹೊಸಬರು ಮುಂದಿನ ವರ್ಷವೂ ಕೊಂಡ್ರೆ ಅದೂ ಇದೇ 30 ಲಕ್ಷದ ಫಲ ತಾನೇ?

ರೇಖಾ_ಭಟ್
ಹೌದು, ಅವರು ಮತ್ತೆ ಕೊಂಡ್ರೆ. ನಿಷ್ಠೆ 40%ಗೆ ಬಂದಿರುವಾಗ ಅದನ್ನ ಈಗಲೇ ಲೆಕ್ಕಕ್ಕೆ ಸೇರಿಸೋಕೆ ನನಗಂತೂ ಧೈರ್ಯ ಇಲ್ಲ.