ಅಪ್‌ಡೇಟ್: ಸೊಸೆಯಂದಿರ ಸಂದರ್ಶನಕ್ಕೆ ದಿನ ಸಿಕ್ಕಿತು

ನಾನು ಕೇಳಿದ್ದು: "ಗದಗ ಹತ್ತಿರದ ಹಳ್ಳಿಯಲ್ಲಿ ಸೊಸೆಯಂದಿರ ಸಂದರ್ಶನ ಮಾಡಬೇಕು. ಶ್ರಾವಣದಲ್ಲಿ ಯಾವಾಗ ಹೋಗಲಿ?"

ಊರಿನ ಸಂಯೋಜಕಿ ಅಕ್ಕಾರು ನನ್ನ ಪಟ್ಟಿಯಲ್ಲಿ ಮೊದಲು ಪಂಚಮಿ ವಾರವನ್ನೇ ಹೊಡೆದು ಹಾಕಿದರು. "ಸೊಸೆಯಂದಿರು ತವರಿಗೆ ಹೋಗಿರ್ತಾರ್ರೀ. ಮನ್ಯಾಗ ಸಿಗೋರು ಹಬ್ಬಕ್ಕ ಬಂದ ಹೆಣ್ಣುಮಕ್ಕಳು" ಅಂದರು. ಸಿಕ್ಕವರನ್ನೇ ಮಾತಾಡಿಸಿದ್ದರೆ ಬೇರೆ ಊರಿನ ಸೊಸೆಯಂದಿರ ಕತೆ ಬರೆದುಕೊಂಡು ಬರುತ್ತಿದ್ದೆ, ಅಲ್ವಾ?

ಪಂಚಮಿ ಮುಗಿದರೆ ಹೊಲದಲ್ಲಿ ಹೆಸರುಕಾಯಿ ಬಿಡಿಸೋ ಕೆಲಸ. ಒಣಗಿದ ಕಾಯಿ ಮೇಲೆ ಮಳೆ ಬಿದ್ದರೆ ಕಾಳು ಕೆಡುತ್ತದೆ, ಹಾಗಾಗಿ ಹಗಲು ಯಾರೂ ಸಿಗಲ್ಲ. ಸಂಜೆ ರೊಟ್ಟಿ ಬಡಿದು ಮುಗಿದ ಮೇಲೆ, ದಿನಕ್ಕೆ ಇಬ್ಬರನ್ನಷ್ಟೇ ಇಟ್ಟುಕೊಂಡೆವು. ಬೆಳಿಗ್ಗೆ ಅಕ್ಕಾರು ಮನೆಗೇ ಹೋಗಿ ಕೇಳಿ ಬರುತ್ತಿದ್ದರು.

ಮೊದಲ ದಿನ ಒಬ್ಬಾಕೆ ಮೊರದಲ್ಲಿ ಕಾಳು ಕೇರುತ್ತಲೇ ಮಾತಾಡಿದಳು. ರೆಕಾರ್ಡಿಂಗ್‌ನಲ್ಲಿ ಸದ್ದು ಜಾಸ್ತಿ ಇದೆ, ಆದರೆ ಅವಳ ಒಂದು ಮಾತೂ ತಪ್ಪಿಲ್ಲ.