ಲಹಬ್ ಸೂರಾದ ನೂನ್ ಮತ್ತು ಮದ್ದ್: ನೀವು ಹೇಗೆ ಕಲಿತ್ರಿ?

ದಾವಣಗೆರೆ_ಓದುಗಿ ಕೇಳಿದ್ದು:
ಅಸ್ಸಲಾಮು ಅಲೈಕುಮ್. ಚಿಕ್ಕೋಳಿದ್ದಾಗ ಓದಿ ಬಿಟ್ಟಿದ್ದು, ಈಗ ತಜ್‌ವೀದ್ ಜೊತೆ ಮತ್ತೆ ಶುರು ಮಾಡಿದೀನಿ. ಕನ್ನಡ ಮೀಡಿಯಂ, ಉರ್ದು ಓದಕ್ಕೆ ಬರಲ್ಲ. ಲಹಬ್ ಸೂರಾದಲ್ಲೇ ಸಿಕ್ಕಾಕೊಂಡಿದೀನಿ. ನೂನ್ ಒಂದ್ ಕಡೆ ಕೇಳತ್ತೆ, ಒಂದ್ ಕಡೆ ಮಾಯ. ಮದ್ದ್ ಎಳೆಯೋದು ಒಬ್ರು ನಾಲ್ಕು ಮಾತ್ರೆ ಅಂತಾರೆ, ಒಬ್ರು ಎರಡು. ನೀವೆಲ್ಲ ಹೇಗೆ ಕಲಿತ್ರಿ?

ನೂರ್_ಹುಬ್ಬಳ್ಳಿ:
ವಅಲೈಕುಮ್ ಅಸ್ಸಲಾಮ್ ಅಕ್ಕಾ. ಮೊದಲ ನನ್ನ ಕಥಿ ಕೇಳ್ರಿ. ಆನ್‌ಲೈನ್ ಕ್ಲಾಸಿಗೆ ತಿಂಗಳಿಗೆ 1,800 ಕೊಟ್ಟೆ, ಮ್ಯಾಲೆ ಬಣ್ಣದ ಮುಸ್‌ಹಫ್ ತಗೋಬೇಕು ಅಂದ್ರು ಅದಕ್ಕ 950, ಕೊರಿಯರ್ 120 ಬ್ಯಾರೆ, ನೋಟ್ಸ್ ಪಿಡಿಎಫ್‌ಗೆ ಮತ್ತ 300. ಏನ್ ಕಲಿಸಿದ್ರು ಅಂದ್ರ ಹಸಿರು ಕಂಡ್ರ ಮೂಗಿನ್ಯಾಗ ಹೇಳು, ಕೆಂಪು ಕಂಡ್ರ ಎಳಿ. ಬಣ್ಣ ಇಲ್ಲದ ಮುಸ್‌ಹಫ್ ಕೈಯಾಗ ಬಂದ ಕೂಡ್ಲೆ ಎಲ್ಲಾ ಬಂದ್. ಆ ರೊಕ್ಕ ನೆನಸಿದ್ರ ಈಗೂ ಹೊಟ್ಟಿ ಉರೀತೈತಿ.

ಆಮೇಲೆ ನಮ್ಮ ಓಣಿ ಆಪಾ ಹತ್ರ ಹೋದೆ, ಒಂದ್ ರೂಪಾಯಿ ತಗೊಂಡಿಲ್ಲ. ಅವರು ಲಹಬ್ ಒಂದೇ ಸೂರಾ ಹಿಡಿದು ಕೂರಿಸಿದ್ರು. ಸುಕೂನ್ ಇರೋ ನೂನ್ ಆಗ್ಲಿ ತನ್ವೀನ್ ಆಗ್ಲಿ, ಅದರ ಮುಂದಿನ ಅಕ್ಷರ ಯಾವುದು ಅನ್ನೋದಷ್ಟೇ ನೋಡು ಅಂದ್ರು. 'ಅನ್‌ಹು' ಒಳಗ ನೂನ್ ಮುಂದ ಹಾ ಐತಿ, ಅದು ಗಂಟಲಿನ ಅಕ್ಷರ. ನಾಲಿಗಿ ತುದಿಗೂ ಗಂಟಲಿಗೂ ದೂರ, ಅದಕ್ಕ ನೂನ್ ಸ್ವಚ್ಛ ಕೇಳಿಸ್ಬೇಕು, ಎಳೆಯಂಗಿಲ್ಲ. 'ನಾರನ್ ದಾತ' ಅನ್ನೋವಾಗ ಮುಂದ ಬರೋದು ಹಲ್ಲಿನ ತುದಿಗೆ ಬರೋ ಝಾಲ್. ಅಲ್ಲಿ ನಾಲಿಗಿ ನೂನ್ ಜಾಗಕ್ಕ ಒತ್ತಂಗಿಲ್ಲ, ಮುಂದಿನ ಅಕ್ಷರದ ಕಡೆ ಹೊಂಟು ನಿಂತಿರ್ತೈತಿ, ಸದ್ದು ಮೂಗಿನ್ಯಾಗ ಎರಡು ಮಾತ್ರೆ ಉಳೀತೈತಿ. ಕಡೀಗೆ 'ಹಬ್ಲುನ್ ಮಿನ್ ಮಸದ್' ಅಂತ ಬರದಿರ್ತೈತಿ, ಬಾಯಾಗ ಮಾತ್ರ 'ಹಬ್ಲುಮ್ಮಿಮ್ಮಸದ್'. ಎರಡೂ ಕಡೆ ತುಟಿ ಮುಚ್ಚಿ ಮೂಗಿನ್ಯಾಗ ತಡದು ಮುಂದ ಹೋಗ್ಬೇಕು. ನೀವು ಒಂದು ನೂನ್ ಕೂಡಿಸಿ ಇನ್ನೊಂದು ಬಿಡ್ತಿರಬೇಕು, ನನ್ನ ಜೊತಿ ಕಲಿಯೋರೆಲ್ಲಾ ಹಂಗ ಮಾಡ್ತಿದ್ರು.

ಶಿವಾಜಿನಗರ_ಭಾಯ್:
ಇಷ್ಟೊಂದು ತಲೆ ಕೆಡಿಸ್ಕೋಬೇಡಿ ಸಿಸ್ಟರ್. ನಾನು ಆ್ಯಪ್ ತಗೊಂಡೆ, ವರ್ಷಕ್ಕೆ 3,400, ಕೆಲಸಕ್ಕೆ ಹೋಗ್ತಾ ಮೆಟ್ರೋದಲ್ಲಿ ಕೂತು ಕಲಿತೆ. ಯಾರ ಮುಂದೆನೂ ಕೈ ಕಟ್ಟಿ ಕೂತ್ಕೊಂಡಿಲ್ಲ. ರೂಲ್ ಸಿಂಪಲ್: ನೂನ್ ಆದ್ಮೇಲೆ ಯಾ, ರಾ, ಮೀಮ್, ಲಾಮ್, ವಾವ್ ಬಂದ್ರೆ ನೂನ್ ಹಾರಿಸಿ ಮುಂದಿನ ಅಕ್ಷರ ಒತ್ತಿ ಓದಿ, ಮುಗೀತು. ಲಹಬ್ ಮೊದಲ ಆಯತ್‌ನಲ್ಲಿ 'ಲಹಬಿನ್ ವತಬ್ಬ್' ಅಲ್ಲ 'ಲಹಬಿವ್ವತಬ್ಬ್'. ಮದ್ದ್ ಮೇಲೆ ಗೆರೆ ಇದ್ರೆ ಐದು, ಇಲ್ಲಾಂದ್ರೆ ಎರಡು. ಎರಡು ಅಂತ ಹೇಳಿದವರು ಯಾರೋ ಗೊತ್ತಿಲ್ಲದೆ ಹೇಳಿದ್ದಾರೆ.

ಉಳ್ಳಾಲದವ:
ಭಾಯ್, ಮೂರು ಕಡೆ ಸರಿಪಡಿಸಬೇಕಾಗ್ತದೆ, ಬೇಜಾರು ಮಾಡಬೇಡಿ. ನಾನು ಗಲ್ಫಿನಲ್ಲಿದ್ದಾಗ ಈಜಿಪ್ಟಿನ ಒಬ್ಬರು ಖಾರಿಯ ಹತ್ತಿರ ಕೂತು ಕಲಿತದ್ದು, ರಾತ್ರಿ ಶಿಫ್ಟ್ ಮುಗಿಸಿ ನಿದ್ದೆ ಬಿಟ್ಟು ಹೋಗುತ್ತಿದ್ದೆ, ಟ್ಯಾಕ್ಸಿಗೇ ಸಂಬಳದ ಒಂದು ಪಾಲು ಹೋಗಿದೆ.

ಒಂದನೆಯದು, ನೂನನ್ನು ಸುಮ್ಮನೆ ಹಾರಿಸುವುದಲ್ಲ. ಲಾಮ್, ರಾ ಮುಂದೆ ಬಂದರೆ ಮಾತ್ರ ನೂನ್ ಮೂಗಿನ ಸದ್ದಿನ ಸಮೇತ ಪೂರ್ತಿ ಹೋಗ್ತದೆ. ಇಖ್ಲಾಸ್ ಸೂರಾದಲ್ಲಿ 'ವಲಮ್ ಯಕುನ್ ಲಹೂ' ಅಂತ ಇರುವುದನ್ನು 'ಯಕುಲ್ಲಹೂ' ಅಂತ ಓದುವುದು, ಅಲ್ಲಿ ಮೂಗಿನ ಸದ್ದೇ ಇಲ್ಲ. ಆದರೆ 'ಲಹಬಿವ್ವತಬ್ಬ್' ಅನ್ನುವಲ್ಲಿ ನೂನ್ ಹೋದರೂ ಅದರ ಗುನ್ನಾ ವಾವ್ ಮೇಲೆ ಉಳೀತದೆ. ತುಟಿ ದುಂಡಗೆ ಮಾಡಿ ಮೂಗಿನಲ್ಲಿ ಎರಡು ಮಾತ್ರೆ ಹಿಡಿದು ಬಿಡಬೇಕು. ಪರೀಕ್ಷೆ ಮಾಡುವುದು ಸುಲಭ ಉಂಟು. ಓದುವಾಗ ಮೂಗು ಹಿಡಿದುಕೊಳ್ಳಿ. 'ಯಕುಲ್ಲಹೂ' ಹೇಳುವಾಗ ಸದ್ದು ಬದಲಾಗಬಾರದು, ಬದಲಾದರೆ ಇಲ್ಲದ ಗುನ್ನಾ ಸೇರಿಸಿದ್ದೀರಿ ಅಂತ. 'ಲಹಬಿವ್ವತಬ್ಬ್' ಹೇಳುವಾಗ ಸದ್ದು ಕಟ್ಟಿಕೊಳ್ಳಬೇಕು, ಕಟ್ಟಿಕೊಳ್ಳದಿದ್ದರೆ ಬರೀ ವಾವ್ ಒತ್ತಿದ್ದೀರಿ. ಆ್ಯಪ್‌ನಿಂದ ಕಲಿತವರು ಹೆಚ್ಚಾಗಿ ಹೀಗೆ ಬರೀ ವಾವ್ ಒತ್ತುತ್ತಾರೆ.

ಎರಡನೆಯದು, ಈ ಸೇರಿಸುವುದು ಎರಡು ಪದಗಳ ನಡುವೆ ಮಾತ್ರ. 'ದುನ್ಯಾ' ಒಂದೇ ಪದ, ಅಲ್ಲಿ ನೂನ್ ಆದ ಮೇಲೆ ಯಾ ಇದ್ದರೂ ಸ್ಪಷ್ಟವಾಗಿಯೇ ಓದಬೇಕು. ನಿಮ್ಮ ರೂಲ್ ಹಿಡಿದರೆ 'ದುಯ್ಯಾ' ಆಗ್ತದೆ, ಪದವೇ ಹಾಳು. ಕುರ್‌ಆನಿನಲ್ಲಿ ಇಂಥ ಪದ ನಾಲ್ಕೇ: ದುನ್ಯಾ, ಬುನ್ಯಾನ್, ಖಿನ್ವಾನ್, ಸಿನ್ವಾನ್.

ಮೂರನೆಯದು ಮದ್ದ್. ಕನ್ನಡದಲ್ಲಿ ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು ಅಂತ ಶಾಲೆಯಲ್ಲಿ ಲಘು ಗುರು ಹಾಕಿದ್ದೇವಲ್ಲ, ಸಾದಾ ಮದ್ದ್ ಅಂದರೆ ಆ ಎರಡು ಮಾತ್ರೆಯೇ. 'ಯದಾ ಅಬೀ' ಮತ್ತು 'ಮಾ ಅಗ್‌ನಾ' ಈ ಎರಡು ಕಡೆ ದೀರ್ಘ ಒಂದು ಪದದ ಕೊನೆಯಲ್ಲಿದೆ, ಹಮ್ಜಾ ಮುಂದಿನ ಪದದ ಮೊದಲಲ್ಲಿದೆ. ನಮ್ಮಲ್ಲಿ ಓದುವುದು ಹಫ್ಸ್ ರಿವಾಯತ್. ಅದರಲ್ಲಿ ಶಾತಿಬಿಯ್ಯಾ ದಾರಿ ಹಿಡಿದವರಿಗೆ ಇಲ್ಲಿ ನಾಲ್ಕು ಅಥವಾ ಐದು. ತಯ್ಯಿಬಾ ದಾರಿಯಲ್ಲಿ ಎರಡು ಕೂಡ ಉಂಟು, ಹಾಗಾಗಿ ಎರಡು ಅಂದವರು ಗೊತ್ತಿಲ್ಲದೆ ಹೇಳಿದ್ದಲ್ಲ. ಆದರೆ 'ಇದಾ ಜಾಅ ನಸ್ರುಲ್ಲಾಹಿ' ಅನ್ನುವಲ್ಲಿ ದೀರ್ಘವೂ ಹಮ್ಜಾವೂ ಒಂದೇ ಪದದೊಳಗೆ ಇವೆ, ಅಲ್ಲಿ ಎರಡಕ್ಕೆ ಇಳಿಸುವ ಹಾಗೆಯೇ ಇಲ್ಲ. ದಾವಣಗೆರೆಯ ಅಕ್ಕನವರೇ, ನೀವು ನಾಲ್ಕು ಹಿಡಿದರೆ 'ಯದಾ'ಗೂ ನಾಲ್ಕು, 'ಮಾ'ಗೂ ನಾಲ್ಕು. ಮೊದಲನೆಯದು ಉದ್ದ, ಎರಡನೆಯದಕ್ಕೆ ಉಸಿರು ಸಾಲದೆ ಗಿಡ್ಡ ಮಾಡುವುದೇ ಹೆಚ್ಚು ಕೇಳುವ ತಪ್ಪು.

ಶಿವಾಜಿನಗರ_ಭಾಯ್:
ಬಿಗಿನರ್‌ಗೆ ಶಾತಿಬಿಯ್ಯಾ ತಯ್ಯಿಬಾ ಎಲ್ಲ ಯಾಕೆ ಸಾರ್? ಅವರು ಓಡೋಗ್ತಾರೆ. ನಾನು ಹೇಳಿದ್ದು ಶುರು ಮಾಡೋಕೆ. ದುನ್ಯಾ ಯಾರೂ ದುಯ್ಯಾ ಅಂತ ಓದಲ್ಲ, ಎಲ್ಲರಿಗೂ ಕೇಳಿ ಗೊತ್ತಿರತ್ತೆ. ಮತ್ತೆ ಆ್ಯಪ್ ಬಗ್ಗೆ ಮಾತು ಬೇಡ, 3,400 ನನ್ನ ದುಡ್ಡು.

ನೂರ್_ಹುಬ್ಬಳ್ಳಿ:
ದುನ್ಯಾ ಕೇಳಿ ಗೊತ್ತಿರ್ತೈತಿ ಸರಿ, ಖಿನ್ವಾನ್ ಯಾರು ಕೇಳಿರ್ತಾರ? ಮೂಗು ಹಿಡಿದು ನೋಡೋದಂತೂ ನಮ್ಮ ಆಪಾನೂ ಮಾಡಿಸ್ತಿದ್ರು. ಆ್ಯಪ್ ನಿಮ್ಮ ಮೂಗು ಹಿಡೀತದೇನ್ರಿ?

ಭದ್ರಾವತಿ_ಅಮ್ಮಿ:
ನನ್ನ ಮಗನ ಹಿಫ್ಜ್ ವಿಷಯ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ. ಅವನು ಮೊದಲು ಕನ್ನಡ ಲಿಪಿಯ ಪುಸ್ತಕದಿಂದ ಸಣ್ಣ ಸೂರಾಗಳು ಕಲಿತ, ಅಂಗಡಿಯಲ್ಲಿ 60 ರೂಪಾಯಿಗೆ ಸಿಕ್ಕಿತ್ತು. ಅದರಲ್ಲಿ 'ಹಬ್ಲುನ್ ಮಿನ್ ಮಸದ್' ಅಂತ ಅಕ್ಷರ ಅಕ್ಷರ ಬಿಡಿಸಿ ಹಾಕಿದ್ರು, 'ಯಕುನ್ ಲಹೂ' ಅಂತಾನೇ ಇತ್ತು. ಇನ್ನೊಂದು ಏನಂದ್ರೆ 'ಅನ್‌ಹು' ಅನ್ನೋದನ್ನ 'ಅನ್‌ಹೂ' ಅಂತ ದೀರ್ಘ ಮಾಡಿದ್ರು, 'ಮಾಲುಹೂ' ಅನ್ನೋದನ್ನ 'ಮಾಲುಹು' ಅಂತ ಗಿಡ್ಡ ಮಾಡಿದ್ರು, ಪೂರ್ತಿ ಉಲ್ಟಾ. ಹಿಫ್ಜ್‌ಗೆ ಸೇರಿಸಿದ್ಮೇಲೆ ಹಜರತ್ ಅದನ್ನೆಲ್ಲ ಬಿಡಿಸಕ್ಕೆ ಪಟ್ಟ ಕಷ್ಟ ನೋಡಕ್ಕಾಗ್ತಿರಲಿಲ್ಲ. ಮಗು ಅಳ್ತಿತ್ತು, ನಾನು ಫೀಸ್ ಕಟ್ಟಿ ವಾಪಸ್ ಕರ್ಕೊಂಡು ಬರ್ತಿದ್ದೆ. ಹಜರತ್ ಹೇಳ್ಕೊಟ್ಟಿದ್ದು ಇಷ್ಟೇ, ನಮ್ಮ ಕಡೆ ಪ್ರಿಂಟ್‌ನಲ್ಲಿ ಹಾ ಮೇಲೆ ಉಲ್ಟಾ ಪೇಶ್ ಇದ್ರೆ ಎರಡು ಮಾತ್ರೆ, ಸಾದಾ ಪೇಶ್ ಇದ್ರೆ ಒಂದೇ. ಅನ್‌ಹುನಲ್ಲಿ ಹಾ ಹಿಂದೆ ಜಜಮ್ ಇದೆ, ಸುಕೂನ್ ಅಂತಾರಲ್ಲ ಅದೇ, ಅದಕ್ಕೇ ಎಳೆಯಲ್ಲ. ಕನ್ನಡ ಲಿಪಿಯಲ್ಲಿ ದಯವಿಟ್ಟು ಯಾರೂ ಓದ್ಬೇಡಿ, ಕೈ ಮುಗೀತೀನಿ.

ಕಾಪು_ಅಬ್ಬಾಸ್_ಮೊಮ್ಮಗ:
ನನ್ನ ಅಜ್ಜಿ ಕನ್ನಡ ಲಿಪಿಯಲ್ಲೇ ಯಾಸೀನ್ ಓದುತ್ತಿದ್ದದ್ದು. ಅರಬಿ ಕಲಿಸುವವರೇ ಇರಲಿಲ್ಲ ಅವರಿಗೆ. ಓದಬೇಡಿ ಅಂತ ಕೈ ಮುಗಿಯುವ ಬದಲು ಆ ಪುಸ್ತಕ ಸರಿಯಾಗಿ ಅಚ್ಚು ಮಾಡಿ ಅಂತ ಹೇಳಿ. 'ಹಬ್ಲುಮ್ಮಿಮ್ಮಸದ್' ಅಂತ ಕನ್ನಡದಲ್ಲಿ ಬರೆಯಲಿಕ್ಕೆ ಆಗುವುದಿಲ್ಲವಾ? ಮೇಲೆ ನೀವೆಲ್ಲ ಬರೆದೇ ಇದ್ದೀರಲ್ಲ.

ಭದ್ರಾವತಿ_ಅಮ್ಮಿ:
ಅಜ್ಜಿ ಬಗ್ಗೆ ನಾನೇನೂ ಅಂದಿಲ್ಲ ತಮ್ಮಾ. ಆದ್ರೆ ಹಾ ಎರಡು ಥರ ಇದೆ, ಎರಡಕ್ಕೂ ಕನ್ನಡದಲ್ಲಿ ಒಂದೇ ಹ. ತೋ, ತಾ ಎರಡಕ್ಕೂ ತ. ನೂನ್ ಸರಿ ಹೋದ್ರೂ ಅದು ಸರಿ ಹೋಗಲ್ಲ. ನನ್ನ ಮಗ ಅನುಭವಿಸಿದಾನೆ.

ದಾವಣಗೆರೆ_ಓದುಗಿ:
ಎಲ್ಲರಿಗೂ ಜಝಾಕಲ್ಲಾಹ್. ಮೂಗು ಹಿಡಿದು ನೋಡಿದೆ, ವಾವ್‌ನಲ್ಲಿ ಗುನ್ನಾ ಬರ್ತಾನೇ ಇರಲಿಲ್ಲ ನಂಗೆ. ಇನ್ನೊಂದು ಕೇಳ್ತೀನಿ. ಮನೇಲಿ ಎರಡು ಮುಸ್‌ಹಫ್ ಇದೆ, ಒಂದು ಇಲ್ಲೇ ತಗೊಂಡಿದ್ದು, ಇನ್ನೊಂದು ಮಾವ ಹಜ್‌ನಿಂದ ತಂದ ಮದೀನಾ ಪ್ರಿಂಟ್. ಇಲ್ಲಿಯದ್ರಲ್ಲಿ 'ಮಿನ್' ನೂನ್ ಮೇಲೆ ಜಜಮ್ ಇದೆ, ಮದೀನಾದಲ್ಲಿ ಏನೂ ಇಲ್ಲ, ಬೋಳು. ಮತ್ತೆ ಮದೀನಾದಲ್ಲಿ ಮಸದ್ ಕೊನೆಗೆ ಪುಟ್ಟ ಮೀಮ್ ಇದೆ. ಸೂರಾನೇ ಮುಗೀತಲ್ಲ, ಅದು ಯಾಕೆ?

ಉಳ್ಳಾಲದವ:
ಒಳ್ಳೆಯ ಪ್ರಶ್ನೆ. ಮದೀನಾ ಪ್ರಿಂಟ್‌ನಲ್ಲಿ ನೂನ್ ಮೇಲೆ ಸುಕೂನ್ ಹಾಕುವುದು ಅದು ಸ್ಪಷ್ಟವಾಗಿ ಕೇಳಬೇಕಾದಾಗ ಮಾತ್ರ. 'ಅನ್‌ಹು' ನೋಡಿ, ಸುಕೂನ್ ಉಂಟು. ನೂನ್ ಬೋಳಾಗಿದ್ದರೆ ಏನೋ ಬದಲಾವಣೆ ಉಂಟು ಅಂತ ಅರ್ಥ, ಆಗ ಮುಂದಿನ ಅಕ್ಷರ ನೋಡಿ. ಅದರ ಮೇಲೆ ಶದ್ದ್ ಇದ್ದರೆ ನೂನ್ ಪೂರ್ತಿ ಅದರೊಳಗೆ ಸೇರಿತು. ಮಸದ್‌ನ ಮೀಮ್ ಮೇಲೆ ಶದ್ದ್ ಇದೆ ನೋಡಿ. ಶದ್ದ್ ಇಲ್ಲದಿದ್ದರೆ ಅರ್ಧ ಸೇರಿದ್ದು ಅಥವಾ 'ನಾರನ್ ದಾತ'ದ ಹಾಗೆ ಮೂಗಿನಲ್ಲಿ ಅಡಗುವ ಇಖ್ಫಾ, ಅದಕ್ಕೇ 'ವತಬ್ಬ್'ನ ಮೊದಲ ವಾವ್ ಮೇಲೆ ಶದ್ದ್ ಹಾಕಿಲ್ಲ. ನಮ್ಮ ಊರಿನ ಪ್ರಿಂಟ್‌ನಲ್ಲಿ ನೂನ್‌ಗೆ ಎಲ್ಲಾ ಕಡೆ ಜಜಮ್ ಹಾಕ್ತಾರೆ, ಸೇರುವ ವಾವ್ ಯಾ ಮೇಲೂ ಶದ್ದ್ ಹಾಕ್ತಾರೆ. ಎರಡೂ ಸರಿಯೇ, ಆದರೆ ಒಂದರ ಗುರುತು ಕಲಿತು ಇನ್ನೊಂದರಲ್ಲಿ ಓದಿದರೆ ಗೊಂದಲ ಆಗ್ತದೆ. ಒಂದೇ ಹಿಡಿದುಕೊಳ್ಳಿ.

ಪುಟ್ಟ ಮೀಮ್ ಅಂದರೆ ಇಖ್ಲಾಬ್. ಮಸದ್‌ನಲ್ಲಿ ನಿಲ್ಲಿಸದೆ ಒಂದೇ ಉಸಿರಿಗೆ ಮುಂದಿನ ಸೂರಾದ ಬಿಸ್ಮಿಲ್ಲಾಗೆ ಹೋದರೆ ತನ್ವೀನ್ ಮುಂದೆ ಬಾ ಬರ್ತದಲ್ಲ, ಆಗ 'ಮಸದಿಮ್ ಬಿಸ್ಮಿಲ್ಲಾಹಿ'. ಕನ್ನಡದಲ್ಲಿ 'ಅಂಬರ' ಹೇಳುವಾಗ ಸೊನ್ನೆ ತಾನಾಗಿ ಮಕಾರ ಆಗ್ತದಲ್ಲ, ಅದೇ ಜಾಗ, ಮೇಲೆ ಎರಡು ಮಾತ್ರೆ ಗುನ್ನಾ. ನಿಲ್ಲಿಸಿದರೆ ಮೀಮ್ ಲೆಕ್ಕಕ್ಕಿಲ್ಲ, ದಾಲ್ ಮೇಲೆ ಸಣ್ಣ ಒದೆತ ಕೊಟ್ಟು 'ಮಸದ್'.

ಶಿವಾಜಿನಗರ_ಭಾಯ್:
ಅಂಬರ ಥರ ತುಟಿ ಮುಚ್ಚಬಾರದು ಸಾರ್. ಇಖ್ಲಾಬ್‌ನಲ್ಲಿ ತುಟಿ ನಡುವೆ ಒಂದು ಕೂದಲಿನಷ್ಟು ಸಂದಿ ಬಿಡ್ಬೇಕು. ಇದು ನಂಗೆ ಆ್ಯಪ್ ಹೇಳಿದ್ದಲ್ಲ, ನಮ್ಮ ಮಸೀದಿ ಇಮಾಮ್ ಸಾಬ್ ಕೂರಿಸಿ ತೋರ್ಸಿದ್ದು.

ಉಳ್ಳಾಲದವ:
ಹಾಗೆ ಕಲಿಸುವವರು ಈಜಿಪ್ಟಿನಲ್ಲೂ ಇದ್ದಾರೆ, ಗೊತ್ತುಂಟು. ನನ್ನ ಉಸ್ತಾದರು ತುಟಿ ಹಗುರಾಗಿ ತಾಗಿಸಿಯೇ ಓದಿಸಿದ್ದು, ಸಂದಿ ಬಿಟ್ಟರೆ ಅಲ್ಲೇ ನಿಲ್ಲಿಸುತ್ತಿದ್ದರು. ಗಟ್ಟಿ ಒತ್ತಬಾರದು ಅನ್ನುವುದರಲ್ಲಿ ಇಬ್ಬರೂ ಒಂದೇ.

ಶಿವಾಜಿನಗರ_ಭಾಯ್:
ಇಮಾಮ್ ಸಾಬ್ ತಪ್ಪು ಅಂತೀರಾ ಹಂಗಾದ್ರೆ?

ನೂರ್_ಹುಬ್ಬಳ್ಳಿ:
ತಪ್ಪು ಅಂತ ಅವರೆಲ್ಲಿ ಅಂದ್ರು? ಅಕ್ಕಾ, ನಿಮ್ಮ ಉಸ್ತಾದ್ ತುಟಿ ನೋಡಿ ಹಂಗ ಮಾಡ್ರಿ. ಮೊದಲ ಆ ವಾವ್ ಗುನ್ನಾ ಸರಿ ಮಾಡ್ಕೊಳ್ರಿ, ಬಿಸ್ಮಿಲ್ಲಾಗೆ ಕೂಡಿಸಿ ಓದೋದು ಆಮೇಲೆ.

ಕಾಪು_ಅಬ್ಬಾಸ್_ಮೊಮ್ಮಗ:
ಕನ್ನಡ ಪುಸ್ತಕ ಅಚ್ಚು ಹಾಕುವವರು ಯಾರಾದರೂ ಇಲ್ಲಿ ಇದ್ದರೆ ಉತ್ತರ ಕೊಡಿ. ಎರಡು ಹ ತೋರಿಸಲು ಕೆಳಗೊಂದು ಚುಕ್ಕೆ ಹಾಕಿದರೆ ಆಯಿತು, ಫ ಕೆಳಗೆ ಹಾಕುವುದಿಲ್ಲವಾ?